ಉಪ್ಪಿನಕಾಯಿ ಬಾಟಲಿಯ ಸುತ್ತು ಲೇಬಲ್: 226 ಮಿ.ಮೀ.ಗೆ ಬಂದು ನಿಂತದ್ದು ಹೇಗೆ

ನಮ್ಮದು ಸಾಗರದ ಕಡೆಯ ಅಪ್ಪೆಮಿಡಿ ಉಪ್ಪಿನಕಾಯಿ. 350 ಮಿಲಿಯ ದುಂಡು ಗಾಜಿನ ಬಾಟಲಿಗೆ ಪೂರ್ತಿ ಸುತ್ತುವ ಲೇಬಲ್ ಹಾಕುತ್ತೇನೆಂದಾಗ ಪ್ರೆಸ್ಸಿನವರು ಒಪ್ಪಲಿಲ್ಲ. ಸುತ್ತು ಲೇಬಲ್ಲಿನ ತುದಿ ಏಳದೆ ಇರುವುದಿಲ್ಲ, ಮುಂದೊಂದು ಹಿಂದೊಂದು ಬಿಡಿ ಲೇಬಲ್ ಅಂಟಿಸಿ ಎಂಬುದೇ ಅವರ ಸಲಹೆಯಾಗಿತ್ತು. ಈಗ ಎರಡು ಹಂಗಾಮು ಕಳೆದಿದೆ, ತುದಿ ಎದ್ದು ವಾಪಸು ಬಂದ ಬಾಟಲಿಗಳನ್ನು ಬೆರಳಲ್ಲಿ ಎಣಿಸಬಹುದು.

ಪ್ರೆಸ್ಸಿನವರ ಲೆಕ್ಕ ಬಾಟಲಿಯ ಕ್ಯಾಟಲಾಗಿನಿಂದ ಹೊರಟಿತ್ತು. ಅದರಲ್ಲಿ ವ್ಯಾಸ 71.5 ಮಿ.ಮೀ. ಎಂದಿತ್ತು, 3.14ರಿಂದ ಗುಣಿಸಿ, ಓವರ್‌ಲ್ಯಾಪಿಗೆ 6 ಸೇರಿಸಿ 231 ಎಂದರು. ಆದರೆ ಕ್ಯಾಟಲಾಗಿನಲ್ಲಿ ಕೊಡುವುದು ಬಾಟಲಿಯ ಅತಿ ದಪ್ಪ ಭಾಗದ ಅಳತೆ. ಪೆಟ್ಟಿಗೆಯಲ್ಲಿ ಬಾಟಲಿಗಳು ಒಂದಕ್ಕೊಂದು ಉಜ್ಜಿದಾಗ ಲೇಬಲ್ ಹರಿಯಬಾರದೆಂದು, ಅದು ಕೂರುವ ಜಾಗವನ್ನು ಭುಜಕ್ಕಿಂತಲೂ ಬುಡಕ್ಕಿಂತಲೂ ಸ್ವಲ್ಪ ಒಳಗೆ ಮಾಡಿರುತ್ತಾರೆ. ನಮ್ಮ ಬಾಟಲಿಯಲ್ಲಿ ಆ ಜಾಗದ ವ್ಯಾಸ ಹೆಚ್ಚುಕಡಿಮೆ 70 ಮಾತ್ರ ಇತ್ತು. ವ್ಯಾಸದಲ್ಲಿ ಒಂದೂವರೆ ಮಿ.ಮೀ. ತಪ್ಪಿದರೆ ಸುತ್ತಳತೆಯಲ್ಲಿ ಐದು ಮಿ.ಮೀ. ಸಮೀಪ ತಪ್ಪುತ್ತದೆ.

ಆದ್ದರಿಂದ ನಾನು ವ್ಯಾಸವನ್ನು ಅಳೆಯುವುದೇ ಇಲ್ಲ. ಎರಡು ಬೆರಳು ಅಗಲದ ಕಾಗದದ ಪಟ್ಟಿಯನ್ನು ಬಾಟಲಿಗೆ ಬಿಗಿಯಾಗಿ ಸುತ್ತಿ, ಒಂದರ ಮೇಲೊಂದು ಬಂದ ಕಡೆ ಎರಡೂ ಪದರಕ್ಕೆ ತಾಗುವಂತೆ ಸೂಜಿಯಿಂದ ಚುಚ್ಚಿ, ಬಿಚ್ಚಿ, ಎರಡು ತೂತುಗಳ ನಡುವಿನ ದೂರವನ್ನು ಸ್ಟೀಲ್ ಅಳತೆಪಟ್ಟಿಯಿಂದ ನೋಡುತ್ತೇನೆ. ದರ್ಜಿಯ ಟೇಪು ಬಳಸಿ ಬಳಸಿ ಹಿಗ್ಗಿರುತ್ತದೆ, ಅದನ್ನು ನಂಬುವಂತಿಲ್ಲ. ಪಟ್ಟಿಯ ಅಂಚುಗಳು ನೇರವಾಗಿ ಕೂಡದೆ ಒಂದು ಮೇಲೆ, ಒಂದು ಕೆಳಗೆ ಬಂದರೆ ಬಾಟಲಿ ಓರೆಯಾಗಿದೆ ಎಂದೇ ಅರ್ಥ; ಅಂಥದಕ್ಕೆ ನೇರ ಆಯತದ ಲೇಬಲ್ ಹೊಂದುವುದಿಲ್ಲ.

ಮೂಟೆಯ ಬೇರೆ ಬೇರೆ ಕಡೆಯಿಂದ ಇಪ್ಪತ್ತು ಬಾಟಲಿ ತೆಗೆದು ಹೀಗೆ ಅಳೆದಾಗ ಹೆಚ್ಚಿನವು 220 ಬಂದವು, ಸಣ್ಣವು 218, ದೊಡ್ಡವು 221. ಲೇಬಲ್ಲಿನ ಉದ್ದವನ್ನು ಸರಾಸರಿಗೆ ಕಟ್ಟಬಾರದು, ಅತಿ ದೊಡ್ಡ ಬಾಟಲಿಗೆ ಕಟ್ಟಬೇಕು. 221ಕ್ಕೆ 5 ಸೇರಿಸಿ 226 ಮಾಡಿಸಿದೆ. ಸಣ್ಣ ಬಾಟಲಿಗೆ ಓವರ್‌ಲ್ಯಾಪು ಎಂಟಾಗುತ್ತದೆ, ಅದರಿಂದ ತೊಂದರೆಯಿಲ್ಲ. ಓವರ್‌ಲ್ಯಾಪೇ ಇಲ್ಲದೆ ತುದಿಗೆ ತುದಿ ಕೂಡಿಸಿಯೂ ನೋಡಿದ್ದೆ. ದೊಡ್ಡ ಬಾಟಲಿಯಲ್ಲಿ ಗಾಜು ಇಣುಕಿತು, ಸಣ್ಣದರಲ್ಲಿ ಅಕ್ಷರದ ಮೇಲೆ ಅಂಚು ಹತ್ತಿ ಕೂತಿತು.

ಹಣ ಉಳಿದದ್ದು ಪ್ರೆಸ್ಸಿನವರ 231ಕ್ಕೂ ನನ್ನ 226ಕ್ಕೂ ನಡುವಿನ ಐದು ಮಿ.ಮೀ.ಯಲ್ಲೇ. ನಮ್ಮ ಪ್ರೆಸ್ಸಿನ ಶೀಟಿನಲ್ಲಿ ಅಚ್ಚಾಗುವ ಜಾಗ 305ಕ್ಕೆ 457. 226ರ ಎರಡು ಲೇಬಲ್ ಉದ್ದಕ್ಕೆ ಇಟ್ಟು ನಡುವೆ 3 ಬಿಟ್ಟರೆ 455, ಹಿಡಿಯುತ್ತದೆ. ಲೇಬಲ್ಲಿನ ಎತ್ತರ 70 ಆದ್ದರಿಂದ ನಾಲ್ಕು ಸಾಲು ಬಂದು ಶೀಟಿಗೆ ಎಂಟಾಗುತ್ತವೆ. 231 ಆದರೆ ಎರಡು ಹಿಡಿಯುವುದಿಲ್ಲ, ಅಡ್ಡ ತಿರುಗಿಸಿ ಆರಕ್ಕೇ ತೃಪ್ತಿಪಡಬೇಕು. ಲ್ಯಾಮಿನೇಷನ್ ಮತ್ತು ಕಟಿಂಗ್ ಸೇರಿ ಶೀಟಿಗೆ ಸುಮಾರು 42 ರೂಪಾಯಿ ಬೀಳುತ್ತಿತ್ತು. ಅಂದರೆ ಲೇಬಲ್ಲಿಗೆ ಏಳರ ಬದಲು ಐದೂಕಾಲು ರೂಪಾಯಿ. ಎರಡು ಸಾವಿರ ಬಾಟಲಿಗೆ ಮೂರೂವರೆ ಸಾವಿರ ಉಳಿಯಿತು. ಈ ಲೆಕ್ಕ ತೋರಿಸಿದ ಮೇಲೆ ಪ್ರೆಸ್ಸಿನವರು ಸುಮ್ಮನಾದರು.

ಆದರೆ ತುದಿ ಏಳುತ್ತದೆಂಬ ಅವರ ಮಾತು ಸುಳ್ಳಲ್ಲ. ಸ್ಟಿಕ್ಕರಿನ ಅಂಟು ಗಾಜನ್ನು ಹಿಡಿಯುವಷ್ಟು ಗಟ್ಟಿಯಾಗಿ ಲ್ಯಾಮಿನೇಷನ್ನನ್ನು ಹಿಡಿಯುವುದಿಲ್ಲ, ಮೇಲಾಗಿ ಬಾಗಿಸಿದ ಕಾಗದ ನೇರವಾಗಲು ನೋಡುತ್ತಲೇ ಇರುತ್ತದೆ. ಮೊದಲ ಸಲ ದಪ್ಪ ಲ್ಯಾಮಿನೇಷನ್ ಹಾಕಿಸಿದ್ದರಿಂದ ವಾರದೊಳಗೆ ಹತ್ತಕ್ಕೆ ಎರಡರಂತೆ ತುದಿ ಎದ್ದಿತು. ತೆಳುವಾದದ್ದಕ್ಕೆ ಬದಲಾಯಿಸಿದೆ, ಬಾಟಲಿ ಪೂರ್ತಿ ಆರಿ ಎಣ್ಣೆಪಸೆ ಒರೆಸಿದ ಮೇಲೆಯೇ ಅಂಟಿಸತೊಡಗಿದೆ. ಇದಲ್ಲದೆ, ಅಂಟಿಸುವ ಮುನ್ನ ಓವರ್‌ಲ್ಯಾಪಿನಲ್ಲಿ ಕೆಳಪದರವಾಗುವ ಐದು ಮಿ.ಮೀ.ಗೆ ಒಂದು ಉಪಚಾರ ಮಾಡುತ್ತೇನೆ. ಅದು ನನ್ನಲ್ಲೇ ಇರಲಿ.

ಕೆಳಗೆ ಹೋಗುವ ತುದಿಯ 8 ಮಿ.ಮೀ.ನಲ್ಲಿ ಬಣ್ಣ ಮಾತ್ರ ಇರಬೇಕು, ಅಕ್ಷರ ಇರಕೂಡದು. ಎಫ್‌ಎಸ್‌ಎಸ್‌ಎಐ ಸಂಖ್ಯೆಯ ಕೊನೆಯ ಅಂಕಿ ಮುಚ್ಚಿಹೋದರೆ ಅಂಗಡಿಯವರು ಮಾಲನ್ನೇ ಇಳಿಸಿಕೊಳ್ಳುವುದಿಲ್ಲ. ಬಾರ್‌ಕೋಡನ್ನು ಏಣಿಯ ಮೆಟ್ಟಿಲಿನಂತೆ ಗೆರೆಗಳು ಅಡ್ಡ ಬರುವ ಹಾಗೆ ನಿಲ್ಲಿಸಿದರೆ ಬಾಟಲಿಯ ಬಾಗು ಸ್ಕ್ಯಾನಿಗೆ ಅಡ್ಡಿಯಾಗುವುದಿಲ್ಲ.

ನಡುವೆ ತಗಡಿನ ಡಬ್ಬಿಗೂ ಪ್ರಯತ್ನಿಸಿದೆ, ಸ್ಟಿಕ್ಕರಲ್ಲದ ಸಾದಾ ಕಾಗದವನ್ನು ಮೈದಾ ಅಂಟಿನಿಂದ ಹಚ್ಚಿ. ಒದ್ದೆಯಾದ ಕಾಗದ ತನ್ನ ನಾರಿನ ಅಡ್ಡಕ್ಕೆ ಹಿಗ್ಗುತ್ತದೆ. ನಾರು ನಿಂತಿರುವಂತೆ ಕತ್ತರಿಸಿದ ಲೇಬಲ್ ಸುತ್ತುವಷ್ಟರಲ್ಲಿ ಎರಡು ಮಿ.ಮೀ.ಗಿಂತ ಹೆಚ್ಚು ಉದ್ದವಾಗಿತ್ತು. ಹಾಗಾಗಿ ಅಲ್ಲಿ ಒಣ ಪಟ್ಟಿಯ ಅಳತೆ ಸಾಲದು, ಅಂಟು ಹಚ್ಚಿದ ಮಾದರಿಯನ್ನೇ ಸುತ್ತಿ ನೋಡಬೇಕು. ಡಬ್ಬಿಯ ಬೆಸುಗೆಗೆರೆ ಉಬ್ಬಿರುವುದರಿಂದ ಓವರ್‌ಲ್ಯಾಪನ್ನು ಸರಿಯಾಗಿ ಅದರ ಮೇಲೆ ತಂದರೆ ಎರಡು ಉಬ್ಬು ಒಂದೇ ಕಡೆ ಮುಗಿಯುತ್ತವೆ.