ಒಂದಾದರೂ ಆರು ಬೀಳುತ್ತದೆಯೇ? ಲೆಕ್ಕ ಹಾಕುವುದು ಹೀಗೆ

ಲೂಡೋದಲ್ಲಿ ಕಾಯಿ ಹೊರಗೆ ಬರಬೇಕಾದರೆ ಆರು ಬೀಳಬೇಕು. ನಾಲ್ಕು ಸಲ ದಾಳ ಹಾಕಿದರೆ ಒಂದಾದರೂ ಆರು ಬೀಳುವ ಸಂಭವನೀಯತೆ ಎಷ್ಟು? ತುಮಕೂರಿನ ಯಾವುದೇ ಟ್ಯೂಷನ್ ಕೋಣೆಯಲ್ಲಿ ಕೇಳಿ ನೋಡಿ, ಹೆಚ್ಚಿನ ಮಕ್ಕಳು ಆರರಲ್ಲಿ ಒಂದನ್ನು ನಾಲ್ಕರಿಂದ ಗುಣಿಸಿ 4/6 ಎಂದುಬಿಡುತ್ತಾರೆ. ಅದೇ ಲೆಕ್ಕದಲ್ಲಿ ಏಳು ಸಲ ಹಾಕಿದರೆ 7/6 ಬರುತ್ತದೆ. ಸಂಭವನೀಯತೆ ಒಂದನ್ನು ಮೀರುವಂತಿಲ್ಲ, ಅಂದರೆ ದಾರಿಯೇ ತಪ್ಪು.

ಎಲ್ಲಿ ತಪ್ಪಿತು ಎಂಬುದು ಎರಡೇ ಎಸೆತದಲ್ಲಿ ಕಾಣುತ್ತದೆ. ಎರಡು ಎಸೆತಕ್ಕೆ ಒಟ್ಟು 36 ಫಲಿತಗಳು. ಮೊದಲ ಎಸೆತದಲ್ಲಿ ಆರು ಇರುವಂಥವು 6, ಎರಡನೆಯದರಲ್ಲಿ ಆರು ಇರುವಂಥವು 6. ಕೂಡಿದರೆ 12 ಆಯಿತು. ಆದರೆ ಎರಡರಲ್ಲೂ ಆರು ಬಿದ್ದ (6, 6) ಎರಡು ಪಟ್ಟಿಯಲ್ಲೂ ಸೇರಿಕೊಂಡಿದೆ. ಒಂದು ಸಲ ತೆಗೆದರೆ ಉಳಿಯುವುದು 11, ಉತ್ತರ 11/36. ಎಸೆತ ಹೆಚ್ಚಿದಷ್ಟೂ ಹೀಗೆ ಎರಡೆರಡು ಸಲ ಎಣಿಸಿದ್ದು ಹೆಚ್ಚುತ್ತದೆ. ಅದನ್ನು ಒಂದೊಂದಾಗಿ ಕಳೆಯುತ್ತಾ ಕೂರುವುದು ಬೇಡ, ಲೆಕ್ಕವನ್ನೇ ತಿರುಗಿಸಿ.

ಮೊದಲು, ಒಂದೂ ಆರು ಬೀಳದಿರುವುದನ್ನು ಹಿಡಿಯಿರಿ. ಒಂದು ಎಸೆತದಲ್ಲಿ ಅದು 5/6.

ಆಮೇಲೆ ಎಸೆತಗಳಷ್ಟು ಸಲ ಗುಣಿಸಿ. ಒಂದು ಎಸೆತ ಇನ್ನೊಂದರ ಮೇಲೆ ಪ್ರಭಾವ ಬೀರುವುದಿಲ್ಲವಾದ್ದರಿಂದ ಇಲ್ಲಿ ಗುಣಾಕಾರ ಸಲ್ಲುತ್ತದೆ. ಮೇಲೆ 5, 25, 125, 625. ಕೆಳಗೆ 6, 36, 216, 1296. ಅಂದರೆ 625/1296.

ಕೊನೆಗೆ ಒಂದರಿಂದ ಕಳೆಯಿರಿ:

1 − 625/1296 = 671/1296 ≈ 0.518

ಅರ್ಧಕ್ಕಿಂತ ಚೂರು ಹೆಚ್ಚು, ಅಷ್ಟೇ. ಮೂರೇ ಎಸೆತವಾದರೆ 91/216, ಸುಮಾರು 0.421. ನಾಲ್ಕು ದಾಳಗಳನ್ನು ಒಟ್ಟಿಗೆ ಹಾಕಿದರೂ ಉತ್ತರ ಬದಲಾಗದು.

ಕೊನೆಯವರೆಗೂ ಭಿನ್ನರಾಶಿಯಲ್ಲೇ ಇರಿ. 5/6ನ್ನು ಮೊದಲೇ 0.83 ಎಂದು ಕತ್ತರಿಸಿ ನಾಲ್ಕು ಸಲ ಗುಣಿಸಿದರೆ ಉತ್ತರ 0.525ಕ್ಕೆ ಜಾರುತ್ತದೆ. ಪ್ರಶ್ನೆಯಲ್ಲಿ ‘ಕನಿಷ್ಠ ಒಂದು’ ಇದೆಯೋ ‘ನಿಖರವಾಗಿ ಒಂದು’ ಇದೆಯೋ ಎಂದೂ ನೋಡಿ. ಎರಡನೆಯದಕ್ಕೆ ಈ ದಾರಿ ಹೊಂದುವುದಿಲ್ಲ. ಅಲ್ಲಿ 4 × 1/6 × 125/216, ಅಂದರೆ 500/1296.

ಈ ಲೆಕ್ಕವೆಲ್ಲ ಸಮತೂಕದ ದಾಳಕ್ಕೆ. ಆಟಿಕೆ ಪೊಟ್ಟಣದ ಜೊತೆ ಬರುವ ಹಗುರ ದಾಳವನ್ನು ನಂಬಬೇಡಿ. ಲೋಟದ ನೀರಿಗೆ ದಾಳ ತೇಲುವವರೆಗೂ ಉಪ್ಪು ಕರಗಿಸಿ, ಬೆರಳಿನಿಂದ ತಿರುಗಿಸಿ ಬಿಡಿ. ಪ್ರತಿ ಸಲವೂ ಒಂದೇ ಮುಖ ಮೇಲೆ ಬಂದು ನಿಂತರೆ ಅದು ವಾಲಿದ ದಾಳ, ಅದಕ್ಕೆ 1/6 ಅನ್ವಯಿಸದು.

ಮೂರು ಸಲ ಆರು ಬೀಳಲಿಲ್ಲ, ನಾಲ್ಕನೆಯದರಲ್ಲಿ ಬಿದ್ದೇ ಬೀಳುತ್ತದೆ ಎನ್ನುವವರೂ ಇದ್ದಾರೆ. 0.518 ಎಂಬುದು ಮೊದಲ ಎಸೆತಕ್ಕೂ ಮುಂಚಿನ ಲೆಕ್ಕ. ಮೂರು ಕಳೆದ ಮೇಲೆ ಉಳಿದ ಒಂದಕ್ಕೆ ಮತ್ತೆ 1/6 ಮಾತ್ರ. ನೂರಕ್ಕೆ 90ರಷ್ಟು ಭರವಸೆ ಬೇಕೆಂದರೆ 12 ಎಸೆತ ಸಾಲದು (0.888), 13 ಬೇಕು (0.907).