ಸೋಲಾರ್ ಉಳಿತಾಯದ ಲೆಕ್ಕ: ಭೋಸರಿಯ ನಮ್ಮ ಫ್ಯಾಕ್ಟರಿಯಲ್ಲಿ

ಪುಣೆಯ ಭೋಸರಿಯಲ್ಲಿ ನಮ್ಮ ಮಷಿನಿಂಗ್ ಫ್ಯಾಕ್ಟರಿ. ಚಾವಣಿ ಮೇಲೆ 100 ಕಿಲೋವ್ಯಾಟ್ ಸೋಲಾರ್ ಹಾಕಿದ ಮೇಲೆ ತಿಂಗಳ ಉಳಿತಾಯದ ಲೆಕ್ಕ ನನ್ನ ಪಾಲಿಗೆ ಬಂತು. ಮೊದಲ ತಿಂಗಳು 12,000 ಯೂನಿಟ್ ಬಂತು. ಬಿಲ್ ಮೊತ್ತವನ್ನು ಯೂನಿಟ್‌ಗಳಿಂದ ಭಾಗಿಸಿದರೆ ಯೂನಿಟ್‌ಗೆ 11 ರೂಪಾಯಿ. ಗುಣಿಸಿ 1,32,000 ರೂಪಾಯಿ ಉಳಿತಾಯ ಅಂತ ಮಾಲೀಕರಿಗೆ ತೋರಿಸಿದೆ. ಬಿಲ್ ಅಷ್ಟು ಇಳಿದೇ ಇರಲಿಲ್ಲ.

ಆ 11 ರೂಪಾಯಿಯಲ್ಲಿ ಡಿಮ್ಯಾಂಡ್ ಚಾರ್ಜ್, ಅಂದರೆ ತಿಂಗಳಲ್ಲಿ ಎಳೆದ ಅತಿ ಹೆಚ್ಚು ಲೋಡ್‌ಗೆ ಬೀಳುವ ಶುಲ್ಕ ಕೂಡ ಸೇರಿತ್ತು. ಸಂಜೆ ಮಷಿನ್ ಓಡಿದರೂ ಡಿಮ್ಯಾಂಡ್ ಏರುತ್ತದೆ, ಆಗ ಬಿಸಿಲು ಎಲ್ಲಿರುತ್ತದೆ? ಹಗಲಿನ ಸ್ಲಾಟ್‌ನ ದರ ಸುಂಕ ಸೇರಿ ಯೂನಿಟ್‌ಗೆ 7.50 ರೂಪಾಯಿ ಹಿಡಿದಾಗ ಲೆಕ್ಕ 90,000ಕ್ಕೆ ಬಂತು. ಇನ್ವರ್ಟರ್ ಆ್ಯಪ್ ಒಂದನೇ ತಾರೀಖಿನಿಂದ ಎಣಿಸುತ್ತದೆ, ಬಿಲ್ ರೀಡಿಂಗ್ ಬೇರೆ ದಿನ ಆಗುತ್ತದೆ, ಹಾಗಾಗಿ ಈಗ ರೀಡಿಂಗ್ ದಿನವೇ ಸೋಲಾರ್ ಮೀಟರ್ ಬರೆದಿಟ್ಟುಕೊಳ್ಳುತ್ತೇನೆ. ಗುರುವಾರ ನಮಗೆ ರಜೆ, ಅವತ್ತಿನ ಕರೆಂಟೆಲ್ಲ ಹೊರಗೆ ಹೋಗುತ್ತದೆ. ಅದಕ್ಕೇ ಫ್ಯಾಕ್ಟರಿ ಬಳಕೆ ತೆಗೆಯುವಾಗ ಇಂಪೋರ್ಟ್‌ಗೆ ಸೋಲಾರ್ ಕೂಡಿಸಿ, ಎಕ್ಸ್‌ಪೋರ್ಟ್ ಕಳೆಯಲೇಬೇಕು.

ಆದರೂ ಬಿಲ್ 90,000ಕ್ಕಿಂತ ಕಡಿಮೆಯೇ ಇಳಿಯುತ್ತಿತ್ತು. ವಿಜಯಪುರದ ನಮ್ಮ ಎಲೆಕ್ಟ್ರಿಷಿಯನ್ ಒಂದು ಮಧ್ಯಾಹ್ನ ಮೇನ್ ಮೀಟರ್ ಮುಂದೆ ನಿಂತು ಕರೆದರು: "ಸರ, ಪವರ್ ಫ್ಯಾಕ್ಟರ್ 0.8 ಐತ್ರಿ."

ಮಹಾರಾಷ್ಟ್ರದಲ್ಲಿ ಹೈ ಟೆನ್ಷನ್ ಲೈನ್‌ನಿಂದ ಕರೆಂಟ್ ಪಡೆಯುವ ನಮ್ಮಂಥ ಎಚ್‌ಟಿ ಗ್ರಾಹಕರಿಗೆ 2020ರಿಂದ ಬಿಲ್ kWh ಮೇಲೆ ಅಲ್ಲ, kVAh ಮೇಲೆ. ಅಂದರೆ ಕೆಲಸಕ್ಕೆ ಬಳಸಿದ ಕರೆಂಟಿನ ಜೊತೆ, ಮೋಟಾರ್‌ಗಳ ಕಾಂತಕ್ಕಾಗಿ ಬಂದು ಹೋಗುವ ರಿಯಾಕ್ಟಿವ್ ಕರೆಂಟೂ ಲೆಕ್ಕಕ್ಕೆ ಸೇರುತ್ತದೆ. ಆ ಹೊತ್ತಿಗೆ ಮಷಿನ್‌ಗಳ ಲೋಡ್ 120 ಕಿಲೋವ್ಯಾಟ್, ಜೊತೆಗೆ ರಿಯಾಕ್ಟಿವ್ 30 kVAr. ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ, ಸೋಲಾರ್ ಇಲ್ಲದಿದ್ದರೆ ಇದು ಸುಮಾರು 124 kVA. ಸೋಲಾರ್ 80 ಕಿಲೋವ್ಯಾಟ್ ಕೊಟ್ಟರೆ ಗ್ರಿಡ್‌ನಿಂದ 40 ಸಾಕು, ಆದರೆ ಆ 30 kVAr ಹಾಗೇ ಉಳಿಯುತ್ತದೆ. 40 ಮತ್ತು 30ಕ್ಕೆ ಹಾಗೇ ಲೆಕ್ಕ ಹಾಕಿದರೆ ಆಗುವುದು 50 kVA; 40ನ್ನು 50ರಿಂದ ಭಾಗಿಸಿದರೆ ಬರುವ 0.8 ಅದೇ ಪವರ್ ಫ್ಯಾಕ್ಟರ್. ಅಂದರೆ ಸೋಲಾರ್ 80 ಕೊಟ್ಟರೂ ಬಿಲ್‌ನಲ್ಲಿ ಇಳಿದದ್ದು 74 ಮಾತ್ರ.

ಆ kVAr ಅನ್ನು ಇಲ್ಲೇ ಒದಗಿಸುವ ಕೆಪಾಸಿಟರ್ ಪ್ಯಾನೆಲ್ ಇತ್ತಲ್ವಾ, ಅದೇನು ಮಾಡುತ್ತಿತ್ತು? ಅದರ ಸಿಟಿ, ಅಂದರೆ ಕರೆಂಟ್ ಅಳೆಯುವ ಟ್ರಾನ್ಸ್‌ಫಾರ್ಮರ್, ಮಷಿನ್‌ಗಳಿಗೆ ಹೋಗುವ ಫೀಡರ್ ಮೇಲಿತ್ತು. ಸೋಲಾರ್ ಸೇರುತ್ತಿದ್ದದ್ದು ಅದಕ್ಕೂ ಮೊದಲು, ಗ್ರಿಡ್ ಕಡೆ. ಹಾಗಾಗಿ ಕೆಪಾಸಿಟರ್ ಹಾಕಿ ತೆಗೆಯುವ ರಿಲೇಗೆ ಕಾಣುತ್ತಿದ್ದದ್ದು 120 ಕಿಲೋವ್ಯಾಟ್, ಪವರ್ ಫ್ಯಾಕ್ಟರ್ 0.97. ಎಲ್ಲ ಸರಿಯಿದೆ ಅಂತ ಸುಮ್ನೆ ಇತ್ತು. ಪವರ್ ಬಂದ್ ಮಾಡಿಸಿ ಸಿಟಿಯನ್ನು ಮೇನ್ ಇನ್‌ಕಮರ್‌ಗೆ ಹಾಕಿಸಿದೆವು. ಈಗ ಅದೇ ಹೊತ್ತಿನಲ್ಲಿ 25 kVAr ಸೇರಿಸಿಕೊಳ್ಳುತ್ತದೆ, ಗ್ರಿಡ್‌ನಿಂದ ಬರುವುದು 40 kVA ಆಸುಪಾಸು.

ತಿಂಗಳ ಹಾಳೆಯಲ್ಲಿ kVAh ಮತ್ತು kWh ನಡುವಿನ ವ್ಯತ್ಯಾಸಕ್ಕೆ ಒಂದು ಕಾಲಂ ಇಟ್ಟಿದ್ದೇನೆ. ಅದು ಸೋಲಾರ್ ಹಾಕುವ ಮೊದಲಿಗಿಂತ ಎಷ್ಟು ಜಾಸ್ತಿಯೋ ಅಷ್ಟನ್ನು ಸೋಲಾರ್ ಯೂನಿಟ್‌ಗಳಿಂದ ಕಳೆದೇ ಮಾಲೀಕರಿಗೆ ಉಳಿತಾಯದ ಲೆಕ್ಕ ಕೊಡುತ್ತೇನೆ.