'ಚೆನ್ನಾಗಿತ್ತು' ಅನ್ನುವುದನ್ನು ನಿಲ್ಲಿಸಿದ ಮೇಲೆ

ಭಾಷಣದ ಅಭ್ಯಾಸಕ್ಕೆ ಮಕ್ಕಳನ್ನು ಗುಂಪು ಮಾಡಿ ಕೂರಿಸಿದ ಮೊದಲ ವರ್ಷ ನಾನು ಹೇಳಿದ್ದು ಇಷ್ಟೇ: "ಒಬ್ಬರು ಮಾತಾಡಿ, ಉಳಿದವರು ಕೇಳಿ, ಆಮೇಲೆ ಹೇಗಿತ್ತು ಅಂತ ಚೀಟಿಯಲ್ಲಿ ಬರೆದು ಕೊಡಿ." ಮಕ್ಕಳು ಹಾಗೇ ಮಾಡಿದರು. ಭಾಷಣ ಮುಗಿದ ಕೂಡಲೇ ಚಪ್ಪಾಳೆ, ಚೀಟಿ, ಮುಂದಿನವರ ಸರದಿ. ಮೂರು ವಾರ ಕಳೆದರೂ ಯಾರ ಮಾತೂ ಬದಲಾಗಲಿಲ್ಲ.

ಒಂದು ಸಂಜೆ ಆ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಓದಿದೆ. 'ಚೆನ್ನಾಗಿತ್ತು.' 'ಸ್ವಲ್ಪ ಜೋರಾಗಿ ಮಾತಾಡು.' 'ಕಾನ್ಫಿಡೆನ್ಸ್ ಬೇಕು.' ಒಬ್ಬನ ಚೀಟಿಯನ್ನು ಇನ್ನೊಬ್ಬಳಿಗೆ ಕೊಟ್ಟಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗುಂಪು ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ತಿಳಿಯಲು ನಾನು ಇವತ್ತಿಗೂ ಇದೇ ಪರೀಕ್ಷೆ ಮಾಡುತ್ತೇನೆ. ಹೆಸರು ಮುಚ್ಚಿ ಚೀಟಿ ಓದಿದರೆ ಅದು ಯಾರ ಭಾಷಣದ್ದು ಅಂತ ಗೊತ್ತಾಗಬೇಕು.

ತಪ್ಪು ಮಕ್ಕಳದ್ದಲ್ಲ. 'ಹೇಗಿತ್ತು' ಅಂತ ಕೇಳಿದರೆ ಗೆಳೆಯನ ಮುಖ ನೋಡಿಕೊಂಡು ಇನ್ನೇನು ಹೇಳಲಾಗುತ್ತದೆ? ಹಾಗಾಗಿ ಅಭಿಪ್ರಾಯ ಕೇಳುವುದನ್ನೇ ಬಿಟ್ಟೆ. ಒಬ್ಬೊಬ್ಬರಿಗೂ ಒಂದೊಂದು ಸಣ್ಣ ಕೆಲಸ ಕೊಟ್ಟೆ. ನೋಡಿದ್ದು, ಕೇಳಿದ್ದು ಮಾತ್ರ ಹೇಳಬೇಕು, ಸಲಹೆ ಕೊಡುವಂತಿಲ್ಲ.

ಈಗ ನನ್ನ ಗುಂಪಿನಲ್ಲಿ ನಾಲ್ಕೇ ಜನ: ಮಾತಾಡುವವರು, ಟೈಮರ್, ಕೇಳುಗರು, ಬರೆಯುವವರು. ಐದನೆಯವರಿಗೆ ಕೆಲಸ ಇರುವುದಿಲ್ಲ, ಕೆಲಸ ಇಲ್ಲದವರು ಪಿಸುಗುಟ್ಟುತ್ತಾರೆ. ಒಂದು ಸರದಿಗೆ ಹತ್ತು ನಿಮಿಷ. ಮೂರು ನಿಮಿಷ ಭಾಷಣ, ಒಂದು ನಿಮಿಷ ಎಲ್ಲರೂ ಸುಮ್ಮನಿದ್ದು ತಾವು ಹೇಳಬೇಕಾದ್ದನ್ನು ನೆನಪು ಮಾಡಿಕೊಳ್ಳುವುದು, ನಾಲ್ಕು ನಿಮಿಷ ಮೂವರ ವರದಿ, ಒಂದು ನಿಮಿಷ ಭಾಷಣದ ಒಂದು ತುಣುಕನ್ನು ಮತ್ತೆ ಹೇಳುವುದು, ಇನ್ನೊಂದು ನಿಮಿಷ ಜಾಗ ಬದಲಿಸುವುದಕ್ಕೆ. ನಾಲ್ವರ ಸರದಿ ನಲವತ್ತು ನಿಮಿಷಕ್ಕೆ ಮುಗಿಯುತ್ತದೆ, ಒಂದು ಪೀರಿಯಡ್‌ಗೆ ಸರಿಯಾಗುತ್ತದೆ.

ಟೈಮರ್ ಕೆಲಸ ಸುಲಭ ಅಂತ ಮಕ್ಕಳು ಅಂದುಕೊಳ್ಳುತ್ತಾರೆ. ಭಾಷಣ ಅಭ್ಯಾಸ ಮಾಡುವವರ ಟೋಸ್ಟ್‌ಮಾಸ್ಟರ್ಸ್ ಕ್ಲಬ್‌ಗಳಲ್ಲಿ ಐದರಿಂದ ಏಳು ನಿಮಿಷದ ಭಾಷಣಕ್ಕೆ ಐದನೇ ನಿಮಿಷದಲ್ಲಿ ಹಸಿರು, ಆರಕ್ಕೆ ಹಳದಿ, ಏಳಕ್ಕೆ ಕೆಂಪು ತೋರಿಸುತ್ತಾರೆ. ಅದನ್ನೇ ನಮ್ಮ ಮೂರು ನಿಮಿಷಕ್ಕೆ ಹೊಂದಿಸಿಕೊಂಡೆ: ಎರಡು ನಿಮಿಷಕ್ಕೆ ಹಸಿರು ಕಾರ್ಡು, ಎರಡೂವರೆಗೆ ಹಳದಿ, ಮೂರಕ್ಕೆ ಕೆಂಪು. ಆದರೆ ಒಟ್ಟು ಎಷ್ಟು ಹೊತ್ತಾಯಿತು ಅನ್ನುವುದಕ್ಕಿಂತ ಯಾವ ಭಾಗಕ್ಕೆ ಎಷ್ಟು ಹೋಯಿತು ಅನ್ನುವುದು ಮುಖ್ಯ. ಹಾಗಾಗಿ ಟೈಮರ್ ಇನ್ನೆರಡು ಹೊತ್ತನ್ನೂ ಬರೆದಿಡಬೇಕು: ಪೀಠಿಕೆ ಮುಗಿದು ವಿಷಯ ಶುರುವಾಗಿದ್ದು ಯಾವಾಗ, ಮುಕ್ತಾಯ ಶುರುವಾಗಿದ್ದು ಯಾವಾಗ. ಭಾಷಣ ಚೆನ್ನಾಗಿದ್ದರೆ ಟೈಮರ್ ಕೇಳುತ್ತಾ ಕೂತು ಗಡಿಯಾರ ಮರೆಯುತ್ತಾರೆ. ಆಗ ಅಂದಾಜಿನಲ್ಲಿ ಏನೋ ಒಂದು ಬರೆಯಬಾರದು, 'ನೋಡಲಿಲ್ಲ' ಅಂತ ಹೇಳಿದರೆ ಸಾಕು. ತಪ್ಪು ಲೆಕ್ಕ ಕೊಟ್ಟರೆ ಮಾತಾಡಿದವರು ಸರಿ ಇದ್ದ ಭಾಗವನ್ನೇ ಕತ್ತರಿಸಿಬಿಡುತ್ತಾರೆ.

ಬರೆಯುವವರು ಕಿವಿಗೆ ಬಿದ್ದ ಮಾತನ್ನು ಬಿದ್ದ ಹಾಗೇ ಬರೆಯಬೇಕು. ಎಲ್ಲವನ್ನೂ ಬರೆಯಲು ಆಗುವುದಿಲ್ಲ. ಮೊದಲ ವಾಕ್ಯ, ಕೊನೆಯ ವಾಕ್ಯ, ಮತ್ತೆ ಮತ್ತೆ ಬರುವ ಪದಗಳು, ಅಷ್ಟು ಸಾಕು. 'ಆರಂಭ ಚೆನ್ನಾಗಿತ್ತು' ಅಂತ ಬರೆದರೆ ನಾನು ಹಾಳೆ ವಾಪಸ್ ಕೊಡುತ್ತೇನೆ. ಆ ಆರಂಭ ಏನಿತ್ತು? ಅದನ್ನು ಬರೆ.

ಮೊದಮೊದಲು 'ಅಂದ್ರೆ', 'ಮತ್ತೆ', 'ಅದು' ಎಷ್ಟು ಸಲ ಬಂತು ಅಂತಲೂ ಲೆಕ್ಕ ಹಾಕಿಸುತ್ತಿದ್ದೆ. ಒಬ್ಬ ಹುಡುಗನಿಗೆ "ಹತ್ತೊಂಬತ್ತು ಸಲ ಅಂದ್ರೆ ಅಂದೆ" ಅಂತ ಹೇಳಿದರು. ಮುಂದಿನ ಸಲ ಅವನು ಪ್ರತಿ ವಾಕ್ಯದ ಮುಂದೆಯೂ ತಡೆದು ತಡೆದು ಮಾತಾಡಿದ, ಪಾಪ. ಅವನ ಗಮನವೆಲ್ಲ ಆ ಒಂದು ಪದದ ಮೇಲೇ ಇತ್ತು. ಅವತ್ತಿಗೆ ಲೆಕ್ಕ ನಿಲ್ಲಿಸಿದೆ. ಈಗ ಆ ಪದ ಎಲ್ಲಿ ಬಂತು ಅಂತ ಮಾತ್ರ ಗುರುತು ಹಾಕಿಸುತ್ತೇನೆ. ಗುರುತುಗಳು ಹೆಚ್ಚಾಗಿ ಒಂದು ವಿಚಾರದಿಂದ ಇನ್ನೊಂದಕ್ಕೆ ದಾಟುವ ಜಾಗದಲ್ಲೇ ಗುಂಪಾಗಿ ಬೀಳುತ್ತವೆ. ಅಲ್ಲಿ ದಾಟಲು ಒಂದು ವಾಕ್ಯವನ್ನು ಮೊದಲೇ ಯೋಚಿಸಿಟ್ಟುಕೊಂಡಿಲ್ಲ ಅಂತ ಅರ್ಥ. ಆ ವಾಕ್ಯ ಸಿದ್ಧವಾದರೆ 'ಅಂದ್ರೆ' ತಾನಾಗಿ ಕಡಿಮೆಯಾಗುತ್ತದೆ.

ಇನ್ನು ಕೇಳುಗರು. ಇಡೀ ಗುಂಪಿನಲ್ಲಿ ಕಷ್ಟದ ಕೆಲಸ ಇವರದ್ದು. ಕೈಯಲ್ಲಿ ಪೆನ್ನಿಲ್ಲ, ಹಾಳೆಯಿಲ್ಲ. ಮಾತಾಡುವವರ ಮುಖ ನೋಡುತ್ತಾ ಕೇಳಬೇಕು. ಮುಗಿದ ಮೇಲೆ ಎರಡೇ ಮಾತು. "ನೀನು ಹೇಳಿದ್ದು ನನಗೆ ಹೀಗೆ ಅರ್ಥವಾಯಿತು" ಅಂತ ಒಂದು ವಾಕ್ಯ. "ಇಲ್ಲಿ ನನ್ನ ಗಮನ ತಪ್ಪಿತು" ಅಂತ ಇನ್ನೊಂದು. ವರದಿ ಯಾವಾಗಲೂ ಕೇಳುಗರಿಂದಲೇ ಶುರುವಾಗಬೇಕು. ಮೊದಲು ಬರೆಯುವವರು ಹಾಳೆ ಓದಿಬಿಟ್ಟರೆ ಕೇಳುಗರು ಅದನ್ನೇ ತಿರುಗಿಸಿ ಹೇಳುತ್ತಾರೆ, ಅವರಿಗೆ ನಿಜವಾಗಿ ಏನು ಅರ್ಥವಾಗಿತ್ತು ಅನ್ನುವುದು ಆಮೇಲೆ ಸಿಗುವುದೇ ಇಲ್ಲ.

ಮೂವರ ಕೆಲಸ ಹೇಗೆ ಒಂದಕ್ಕೊಂದು ಕೂಡಿಕೊಳ್ಳುತ್ತದೆ ಅನ್ನುವುದಕ್ಕೆ ಒಂಬತ್ತನೇ ತರಗತಿಯ ಒಬ್ಬ ಹುಡುಗಿಯ ಭಾಷಣವನ್ನೇ ಹೇಳುತ್ತೇನೆ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಡಬಾರದು ಅನ್ನುವುದು ಅವಳ ವಿಷಯ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗಿ ಕೂರಲು ನಿದ್ದೆ ಬೇಕು, ಇದು ಅವಳ ಮುಖ್ಯ ಮಾತು. ಧ್ವನಿ ಸ್ಪಷ್ಟವಾಗಿತ್ತು, ಹೆದರಿಕೆಯೂ ಇರಲಿಲ್ಲ. ಮೊದಲಿನ ಹಾಗಿದ್ದರೆ ಖಂಡಿತ 'ಸೂಪರ್' ಅಂತ ಚೀಟಿ ಬರುತ್ತಿತ್ತು.

ಕೇಳುಗ ಹೇಳಿದ: "ಪರೀಕ್ಷೆ ಅಂದ್ರೆ ಭಯಪಡಬಾರದು ಅಂತ ನೀನು ಹೇಳಿದ್ದು."

ಹುಡುಗಿ ಬಾಯಿ ತೆರೆದಳು. ವರದಿಯ ನಾಲ್ಕು ನಿಮಿಷ ಮಾತಾಡಿದವರು ಮಾತಾಡುವಂತಿಲ್ಲ, ಬರೆದುಕೊಳ್ಳಬಹುದು ಅಷ್ಟೇ. ನಾನು ಸನ್ನೆ ಮಾಡಿದೆ, ಸುಮ್ಮನಾದಳು. ಕೇಳುಗ ಮುಂದುವರಿಸಿದ: "ನಿಮ್ಮ ಅಣ್ಣನ ಕಥೆ ಆದ ಮೇಲೆ ಮೆದುಳು ಅಂತ ಏನೋ ಬಂತು. ಅಲ್ಲಿ ನನಗೆ ಸಂಬಂಧ ಗೊತ್ತಾಗಲಿಲ್ಲ."

ಟೈಮರ್ ಹಾಳೆ ನೋಡಿದಳು. ವಿಷಯ ಶುರುವಾಗಿದ್ದು ಒಂದು ನಿಮಿಷ ಹತ್ತು ಸೆಕೆಂಡಿಗೆ. ಮುಕ್ತಾಯ ಎರಡು ನಿಮಿಷ ಮೂವತ್ತೈದಕ್ಕೆ. ಅಂದರೆ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಹೊತ್ತು ಪೀಠಿಕೆಗೇ ಹೋಗಿತ್ತು. ಕೇಳುಗನಿಗೆ ಬೇರೆಯೇ ಅರ್ಥವಾದದ್ದಕ್ಕೆ ಕಾರಣ ಬರೆಯುವವನ ಹಾಳೆಯಲ್ಲಿತ್ತು. ಪೀಠಿಕೆಯಲ್ಲಿ 'ಭಯ' ಅನ್ನುವ ಪದ ಆರು ಸಲ ಬಂದಿತ್ತು. 'ನಿದ್ದೆ' ಒಂದು ಸಲವೂ ಇಲ್ಲ.

ಪರೀಕ್ಷೆಯ ಬೆಳಿಗ್ಗೆ ಓದಿದ್ದೆಲ್ಲ ಮರೆತುಹೋಗಿ ಅಣ್ಣ ಹೇಗೆ ಹೆದರಿದ ಅನ್ನುವುದನ್ನು ಅವಳು ಬಹಳ ಚೆನ್ನಾಗಿ ಹೇಳಿದ್ದಳು. ಆದರೆ ಅವನು ರಾತ್ರಿಯೆಲ್ಲ ಎದ್ದಿದ್ದ ಅನ್ನುವುದನ್ನೇ ಹೇಳಿರಲಿಲ್ಲ. ಅವಳ ತಲೆಯಲ್ಲಿ ಅದು ಇತ್ತು. ಕೇಳುವವನಿಗೆ ಹೇಗೆ ಗೊತ್ತಾಗಬೇಕು?

ಆಮೇಲಿನ ಒಂದು ನಿಮಿಷದಲ್ಲಿ ಅವಳು ಪೀಠಿಕೆಯನ್ನು ಮಾತ್ರ ಮತ್ತೆ ಹೇಳಿದಳು. "ನಮ್ಮಣ್ಣ ಬೆಳಗಿನ ಜಾವ ನಾಲ್ಕರವರೆಗೆ ಓದಿದ. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಒಂದು ಸಾಲೂ ನೆನಪಾಗಲಿಲ್ಲ. ಅವನು ಓದಿದ್ದು ಕಡಿಮೆಯಾಗಿರಲಿಲ್ಲ. ನಿದ್ದೆ ಕಡಿಮೆಯಾಗಿತ್ತು." ಟೈಮರ್ ಲೆಕ್ಕದಲ್ಲಿ ಹದಿನೆಂಟು ಸೆಕೆಂಡು. ಕೇಳುಗ ತಕ್ಷಣ, "ಓ, ನಿದ್ದೆ ಬಗ್ಗೆನಾ!" ಅಂದ. ಯಾರೂ ಅವಳಿಗೆ 'ಹೀಗೆ ಬದಲಾಯಿಸು' ಅಂತ ಹೇಳಿರಲಿಲ್ಲ.

ಮತ್ತೆ ಹೇಳುವ ಈ ಒಂದು ನಿಮಿಷವನ್ನು ಯಾವ ಕಾರಣಕ್ಕೂ ಬಿಡಬೇಡಿ. ಹೊತ್ತು ಸಾಲದಿದ್ದರೆ ಭಾಷಣವನ್ನೇ ಎರಡು ನಿಮಿಷಕ್ಕೆ ಇಳಿಸಿ. 'ಮುಂದಿನ ವಾರ ಸರಿಮಾಡಿಕೊಳ್ಳುತ್ತೇನೆ' ಅಂದದ್ದು ಮುಂದಿನ ವಾರಕ್ಕೆ ಮರೆತಿರುತ್ತದೆ.

ಕೇಳುಗರ ವಿಷಯದಲ್ಲಿ ನನಗೆ ತಡವಾಗಿ ಗೊತ್ತಾದದ್ದು ಎರಡು. ಭಾಷಣದ ಶೀರ್ಷಿಕೆಯನ್ನು ಮೊದಲೇ ಹೇಳಿಬಿಟ್ಟರೆ ಕೇಳುಗರು ಶೀರ್ಷಿಕೆಯನ್ನೇ ವಾಪಸ್ ಹೇಳುತ್ತಾರೆ, ಎಲ್ಲ ಸರಿ ಇದೆ ಅನ್ನಿಸುತ್ತದೆ. ಹಾಗಾಗಿ ಶೀರ್ಷಿಕೆ ಹೇಳದೆ ಶುರು ಮಾಡಿಸುತ್ತೇನೆ. ಇನ್ನೊಂದು, ಅದೇ ಭಾಷಣವನ್ನು ಎರಡನೇ ವಾರ ಅದೇ ಗುಂಪಿನಲ್ಲಿ ಹೇಳಿದರೆ ಕೇಳುಗರಿಗೆ ಅದು ಮೊದಲೇ ಗೊತ್ತಿರುತ್ತದೆ. ಮಾತಾಡುವವರು ಬಿಟ್ಟಿದ್ದನ್ನು ಅವರ ನೆನಪೇ ತುಂಬಿಕೊಳ್ಳುತ್ತದೆ. ಎರಡನೇ ವಾರ ಕೇಳುಗರನ್ನು ಪಕ್ಕದ ಗುಂಪಿನಿಂದ ಕರೆಸಬೇಕು. ಟೈಮರ್, ಬರೆಯುವವರು ಅದೇ ಗುಂಪಿನವರಾದರೂ ಪರವಾಗಿಲ್ಲ.

ಸರದಿಯ ಮೇಲೂ ಕಣ್ಣಿಟ್ಟಿರಬೇಕು. ಮಾತು ಕಡಿಮೆ ಇರುವ ಮಕ್ಕಳು ಪ್ರತಿ ಸಲ ಟೈಮರ್ ಕೆಲಸ ಕೇಳಿ ತೆಗೆದುಕೊಳ್ಳುತ್ತಾರೆ, ಉಳಿದವರೂ ಖುಷಿಯಿಂದ ಬಿಟ್ಟುಕೊಡುತ್ತಾರೆ. ಅದಕ್ಕೇ ಯಾರು ಯಾವಾಗ ಏನು ಅಂತ ನಾನೇ ಬೋರ್ಡಿನ ಮೇಲೆ ಬರೆದುಬಿಡುತ್ತೇನೆ.

ಗುಂಪಿನ ಕೈಲಿ ಆಗದ ಕೆಲಸವೂ ಒಂದಿದೆ. ಒಬ್ಬ ಹುಡುಗ ಮನುಷ್ಯ ತನ್ನ ಮೆದುಳಿನ ಶೇಕಡ 10ರಷ್ಟನ್ನು ಮಾತ್ರ ಬಳಸುತ್ತಾನೆ ಅಂತ ಬಹಳ ಗಟ್ಟಿಯಾಗಿ ಹೇಳಿದ. ಕೇಳುಗರಿಗೆ ಸ್ಪಷ್ಟವಾಗಿ ಅರ್ಥವಾಯಿತು, ಹೊತ್ತೂ ಸರಿಯಾಗಿತ್ತು, ಹಾಳೆಯಲ್ಲಿ ಆ ವಾಕ್ಯ ಅಂದವಾಗಿ ಬರೆದಿತ್ತು. ಆದರೆ ಅದು ಸುಳ್ಳು. ಬಹಳ ಕಾಲದಿಂದ ಬಾಯಿಂದ ಬಾಯಿಗೆ ಹರಡಿದ ತಪ್ಪು ನಂಬಿಕೆ. ನಾಲ್ವರಿಗೂ ಗೊತ್ತಿಲ್ಲದ್ದನ್ನು ನಾಲ್ವರು ಸೇರಿ ಹಿಡಿಯಲಾರರು. ಅವತ್ತಿನಿಂದ ಭಾಷಣದಲ್ಲಿ ಬರುವ ಅಂಕಿಗಳನ್ನು, ವಿಜ್ಞಾನದ ಮಾತುಗಳನ್ನು ಹಿಂದಿನ ದಿನವೇ ನನಗೆ ತೋರಿಸಬೇಕು, ಎಲ್ಲಿ ಓದಿದ್ದು ಅಂತಲೂ ಹೇಳಬೇಕು.

ಹಾಳೆಗಳನ್ನು ನಾನು ಇಟ್ಟುಕೊಳ್ಳುವುದಿಲ್ಲ, ಅಂಕವನ್ನೂ ಕೊಡುವುದಿಲ್ಲ. ಅಂಕ ಕೊಟ್ಟ ಒಂದು ತಿಂಗಳು ಮಕ್ಕಳು ಗೆಳೆಯರನ್ನು ಉಳಿಸಲು ಮತ್ತೆ 'ಚೆನ್ನಾಗಿತ್ತು' ಬರೆಯಲು ಶುರು ಮಾಡಿದ್ದರು. ಎರಡೂ ಹಾಳೆ ಮಾತಾಡಿದವರ ಕೈಗೇ ಹೋಗುತ್ತವೆ. ಮುಂದಿನ ಸಲ ಎದ್ದು ನಿಂತಾಗ ಅವರು ಹಳೆಯ ಹಾಳೆಯಿಂದ ಒಂದು ಸಾಲು ಗುಂಪಿಗೆ ಓದಿ ಹೇಳುತ್ತಾರೆ. ಆ ಹುಡುಗಿ ಮುಂದಿನ ವಾರ ಓದಿದ ಸಾಲು, "ಭಯ ಆರು, ನಿದ್ದೆ ಸೊನ್ನೆ." ಆಮೇಲೆ ಪಕ್ಕದ ಗುಂಪಿನಿಂದ ಬಂದ ಕೇಳುಗರ ಕಡೆ ತಿರುಗಿ ಭಾಷಣ ಶುರು ಮಾಡಿದಳು.